ಹಂಪಿ–ಬಾದಾಮಿ ಹಿರಿಯರ ಪ್ರವಾಸ: ಎಷ್ಟು ನಡೆಯಬೇಕು, ಎಲ್ಲಿ ಕೂರಬಹುದು, ಆಸ್ಪತ್ರೆ ಎಷ್ಟು ದೂರ? ಪದೇ ಪದೇ ಕೇಳುವ ಪ್ರಶ್ನೆಗಳು

60 ದಾಟಿದವರಿಗೆ ಅಂತಲೇ ನಾವು ನಡೆಸುವ ಐದು ದಿನದ ಪ್ರವಾಸ ಇದು. ಹದಿನೆಂಟು ಜನಕ್ಕಿಂತ ಜಾಸ್ತಿ ಕರೆದುಕೊಂಡು ಹೋಗುವುದಿಲ್ಲ. ಫೋನಿನಲ್ಲಿ ಬರುವ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಬರೆದಿಟ್ಟಿದ್ದೇವೆ. ದೇವಸ್ಥಾನಗಳ ಕಥೆ ಇಲ್ಲಿಲ್ಲ, ಅದನ್ನು ಅಲ್ಲೇ ಗೈಡ್ ಹೇಳುತ್ತಾರೆ. ಇಲ್ಲಿರುವುದೆಲ್ಲ ಕಾಲು, ಮಂಡಿ, ಉಸಿರು ಮತ್ತು ಮಾತ್ರೆ ಡಬ್ಬಿಯ ವಿಷಯ.

ಒಟ್ಟು ಎಷ್ಟು ಕಿಲೋಮೀಟರ್ ನಡೆಯಬೇಕಾಗುತ್ತದೆ?

ದಿನಕ್ಕೆ ಎರಡರಿಂದ ಮೂರು ಕಿಲೋಮೀಟರ್, ಅದೂ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಆದರೆ ದಯವಿಟ್ಟು ಈ ಲೆಕ್ಕವೊಂದನ್ನೇ ನಂಬಿ ಬರಬೇಡಿ. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಕಿಲೋಮೀಟರ್ ವಾಕ್ ಮಾಡುವವರು ಬಾದಾಮಿಯ ಮೊದಲನೇ ಗುಹೆಯ ಹತ್ತಿರವೇ "ಸಾಕಪ್ಪಾ" ಅಂತ ಕೂತದ್ದನ್ನು ನೋಡಿದ್ದೇವೆ. ವಾಕಿಂಗ್ ಅಂದರೇನು ಅಂತಲೇ ಗೊತ್ತಿಲ್ಲದ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿರುವ ಒಬ್ಬ ಅಜ್ಜಿ ಅದೇ ದಿನ ಸರಸರ ಹತ್ತಿ ಹೋದರು.

ನಮ್ಮ ಅನುಭವದಲ್ಲಿ ಸುಸ್ತು ಮಾಡಿಸುವುದು ದೂರ ಅಲ್ಲ. ಮೊದಲನೆಯದು ಮೆಟ್ಟಿಲಿನ ಎತ್ತರ. ಮನೆಯ ಮೆಟ್ಟಿಲು ಆರೇಳು ಇಂಚು ಇರುತ್ತದೆ. ಹಂಪಿಯ ಮಂಟಪದ ಮೆಟ್ಟಿಲು ಎಷ್ಟೋ ಕಡೆ ಒಂದು ಅಡಿ, ಕೆಲವು ಕಡೆ ಇನ್ನೂ ಜಾಸ್ತಿ, ಒಂದರ ಹಾಗೆ ಇನ್ನೊಂದಿಲ್ಲ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಎರಡನೆಯದು ನೆಲ. ಬಂಡೆ, ಜಲ್ಲಿ, ಒಂದಕ್ಕೊಂದು ಮಟ್ಟ ಇಲ್ಲದ ಚಪ್ಪಡಿ. ಮೂರನೆಯದು ಬಿಸಿಲು. ಹೀಗಾಗಿ ಪ್ರತಿ ಜಾಗಕ್ಕೂ ಈ ಮೂರನ್ನೇ ಬೇರೆ ಬೇರೆಯಾಗಿ ಹೇಳುತ್ತೇವೆ.

ಹಾಗಾದರೆ ದಿನದಿನಕ್ಕೆ ಹೇಳಿಬಿಡಿ.

ಬೆಂಗಳೂರಿನಿಂದ ರಾತ್ರಿ ರೈಲು, ಬೆಳಿಗ್ಗೆ ಹೊಸಪೇಟೆ. ಮೊದಲನೇ ದಿನ ಸಂಜೆ ನಾಲ್ಕರವರೆಗೆ ಏನೂ ಇಲ್ಲ. ಸ್ನಾನ, ತಿಂಡಿ, ನಿದ್ದೆ. "ಅರ್ಧ ದಿನ ಸುಮ್ನೆ ಹಾಳು" ಅಂತ ಕೆಲವರು ಗೊಣಗುತ್ತಾರೆ. ರೈಲಿನಲ್ಲಿ ಸರಿಯಾಗಿ ನಿದ್ದೆ ಆಗಿರುವುದಿಲ್ಲ, ಕಾಲು ಸ್ವಲ್ಪ ಊದಿಕೊಂಡಿರುತ್ತದೆ. ಆ ಸ್ಥಿತಿಯಲ್ಲೇ ಕಲ್ಲಿನ ಮೇಲೆ ನಡೆಸಿದರೆ ಎರಡನೇ ದಿನಕ್ಕೆ ಯಾರೂ ಏಳುವುದಿಲ್ಲ. ಸಂಜೆ ವಿರೂಪಾಕ್ಷ ದೇವಸ್ಥಾನ. ಒಳಗೆ ಬಹುಮಟ್ಟಿಗೆ ಸಮನೆಲ, ಹೊಸ್ತಿಲುಗಳು ಮಾತ್ರ ಎತ್ತರ.

ಎರಡನೇ ದಿನವೇ ಇಡೀ ಪ್ರವಾಸದ ದೊಡ್ಡ ದಿನ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ವಿಜಯ ವಿಠ್ಠಲ ದೇವಸ್ಥಾನದಲ್ಲಿರುತ್ತೇವೆ. ನಮ್ಮ ಬಸ್ಸು ಸುಮಾರು ಒಂದು ಕಿಲೋಮೀಟರ್ ಹಿಂದೆಯೇ ನಿಲ್ಲಬೇಕು. ಅಲ್ಲಿಂದ ಬ್ಯಾಟರಿ ಗಾಡಿ. ಬೆಳಿಗ್ಗೆ ಬೇಗ ಹೋಗುವುದು ಸೂರ್ಯೋದಯ ನೋಡಲಿಕ್ಕಲ್ಲ, ಈ ಗಾಡಿಯ ಸಾಲಿನಲ್ಲಿ ನಿಲ್ಲಬಾರದು ಅಂತ. ಹತ್ತೂವರೆ ಆದರೆ ಗಾಡಿಗಾಗಿ ಬಿಸಿಲಿನಲ್ಲಿ ಅರ್ಧ ಗಂಟೆ ನಿಲ್ಲಬೇಕಾಗಬಹುದು. ನಡೆಯುವುದಕ್ಕಿಂತ ನಿಲ್ಲುವುದೇ ಹಿರಿಯರಿಗೆ ಕಷ್ಟ ಅಲ್ವಾ. ಒಳಗಿನ ಅಂಗಳ ಚಪ್ಪಡಿ ಹಾಸಿದ್ದು. ಕಲ್ಲಿನ ರಥದವರೆಗೆ ಮೆಟ್ಟಿಲಿನ ಕಾಟ ಇಲ್ಲ. ಮಂಟಪಗಳ ಮೇಲೆ ಹತ್ತುವುದು ನಿಮ್ಮ ಮಂಡಿಗೆ ಬಿಟ್ಟದ್ದು. ಹನ್ನೊಂದಕ್ಕೆ ವಾಪಸ್ ರೂಮಿಗೆ. ನಾಲ್ಕು ಗಂಟೆಗೆ ಕಮಲ ಮಹಲ್ ಮತ್ತು ಆನೆಲಾಯ. ಇಲ್ಲಿ ಹುಲ್ಲುಹಾಸು, ಮಣ್ಣು ದಾರಿ, ಮರದ ನೆರಳು. ಹಂಪಿಯಲ್ಲಿ ಕಾಲಿಗೆ ಇಷ್ಟು ಸುಖವಾದ ಜಾಗ ಇನ್ನೊಂದಿಲ್ಲ.

ಮೂರನೇ ದಿನ ಹೊಸಪೇಟೆಯಿಂದ ಕುಷ್ಟಗಿ, ಗಜೇಂದ್ರಗಡದ ಮೇಲೆ ಬಾದಾಮಿಗೆ. ಓಡುವ ಸಮಯ ನಾಲ್ಕು ಗಂಟೆ, ನಿಲುಗಡೆ ಸೇರಿ ಐದು. ಆ ದಿನ ಬೇರೆ ಏನನ್ನೂ ಇಟ್ಟುಕೊಂಡಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಾದಾಮಿ ಗುಹೆಗಳು, ಸಂಜೆ ಬನಶಂಕರಿ. ಐದನೇ ದಿನ ಐಹೊಳೆ, ಪಟ್ಟದಕಲ್ಲು, ಆಮೇಲೆ ಹುಬ್ಬಳ್ಳಿಗೆ ಹೋಗಿ ರೈಲು.

ನಾನು ಬರಬಹುದೋ ಇಲ್ಲವೋ ಅಂತ ಮನೆಯಲ್ಲೇ ತಿಳಿದುಕೊಳ್ಳುವುದು ಹೇಗೆ?

ಮೂರು ಕೆಲಸ ಮಾಡಿ ನೋಡಿ. ಒಂದೇ ದಿನ ಮೂರನ್ನೂ ಮಾಡಬೇಡಿ.

ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂತುಕೊಳ್ಳಿ. ಇದು ಆಗದಿದ್ದರೆ ಒಂದಡಿ ಎತ್ತರದ ಕಲ್ಲಿನ ಮೆಟ್ಟಿಲು ಕಷ್ಟವೇ. ಇನ್ನೊಂದು ದಿನ ಎರಡು ಮಹಡಿ, ಅಂದರೆ ಸುಮಾರು ನಲವತ್ತು ಮೆಟ್ಟಿಲು, ನಿಮ್ಮ ಪಾಡಿಗೆ ನಿಧಾನವಾಗಿ ಹತ್ತಿ ಇಳಿಯಿರಿ. ಹತ್ತುವಾಗ ಎದೆ ಬಿಗಿಯಾದರೆ ಅಥವಾ ಮಾತಾಡಲಾಗದಷ್ಟು ಉಸಿರು ಕಟ್ಟಿದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಪ್ರವಾಸದ ಮಾತು ಆಮೇಲೆ. ಇಳಿಯುವಾಗ ಮಂಡಿ ನಡುಗುತ್ತದಾ, ಅದನ್ನೂ ಗಮನಿಸಿ. ಮೂರನೆಯದು, ಅಡಿಗೆಮನೆಯಲ್ಲಿ ಇಪ್ಪತ್ತು ನಿಮಿಷ ನಿಂತು ಕೆಲಸ ಮಾಡಿದಾಗ ಸೊಂಟ ಏನನ್ನುತ್ತದೆ ಅಂತ ನೋಡಿ.

ಮೂರನ್ನೂ ಆರಾಮಾಗಿ ಮಾಡಿದರೆ ಎಲ್ಲ ಕಡೆಗೂ ಬನ್ನಿ. ಎರಡನೆಯದು ಮಾತ್ರ ಆಗದಿದ್ದರೂ ಬನ್ನಿ, ಬಾದಾಮಿ ದಿನಕ್ಕೆ ನಿಮಗೆ ಬೇರೆ ದಾರಿ ಇದೆ.

ಬಾದಾಮಿ ಗುಹೆಗೆ ನಿಜವಾಗಿ ಎಷ್ಟು ಮೆಟ್ಟಿಲು?

ಈ ಪ್ರಶ್ನೆ ಕೇಳದವರೇ ಇಲ್ಲ. ಟಿಕೆಟ್ ತೆಗೆದುಕೊಂಡ ಕೂಡಲೇ ಮೆಟ್ಟಿಲು ಶುರು. ಮೊದಲನೇ ಗುಹೆಗೆ ಸುಮಾರು ನಲವತ್ತು. ಅಲ್ಲಿಂದ ಎರಡನೆಯದಕ್ಕೆ ಸುಮಾರು ಅರವತ್ತು. ಮೂರನೆಯದಕ್ಕೆ ಮತ್ತೆ ಹೆಚ್ಚು ಕಮ್ಮಿ ಅಷ್ಟೇ. ನಾಲ್ಕನೆಯದು, ಜೈನ ಗುಹೆ, ಮೂರನೆಯದರ ಪಕ್ಕದಲ್ಲೇ ಸ್ವಲ್ಪ ಮೇಲೆ. ಎಲ್ಲ ಸೇರಿ ನೂರೈವತ್ತು ದಾಟುತ್ತದೆ.

ಒಂದು ಒಳ್ಳೆಯ ಸಂಗತಿ ಅಂದರೆ ಪ್ರತಿ ಗುಹೆಯ ಮುಂದೆಯೂ ಸಮತಟ್ಟಾದ ಜಾಗ ಇದೆ. ದೇವರು ನಮಗಾಗಿಯೇ ವಿಶ್ರಾಂತಿಗೆ ಮಾಡಿಸಿದ ಹಾಗೆ. ಮೊದಲನೇ ಗುಹೆಯಲ್ಲಿ ಬೇಕೆಂದೇ ಇಪ್ಪತ್ತು ನಿಮಿಷ ಕಳೆಯುತ್ತೇವೆ. ಹದಿನೆಂಟು ಕೈಯ ನಟರಾಜ ಅಲ್ಲೇ ಇದ್ದಾನೆ, ಎರಡೆರಡು ಕೈ ಎಣಿಸುತ್ತಾ ಕೂತರೆ ಉಸಿರು ತಾನಾಗಿ ಹಿಡಿತಕ್ಕೆ ಬರುತ್ತದೆ. ಎರಡನೆಯದರ ಮುಂದೆ ನಮ್ಮ ನರ್ಸ್ ಎಲ್ಲರನ್ನೂ ಒಂದು ಸಲ ನೋಡುತ್ತಾರೆ. ಮುಖ ಬಿಳಿಚಿಕೊಂಡಿದೆಯಾ, ಮಾತು ತುಂಡು ತುಂಡಾಗಿ ಬರುತ್ತಿದೆಯಾ ಅಂತ. ಅಂಥವರನ್ನು ಅಲ್ಲಿಂದ ಮುಂದೆ ಕಳಿಸುವುದಿಲ್ಲ. ಈ ವಿಷಯದಲ್ಲಿ ಅವರ ಮಾತೇ ಕೊನೆ. ನಮ್ಮ ಮ್ಯಾನೇಜರ್ ಕೂಡ ಬದಲಾಯಿಸುವ ಹಾಗಿಲ್ಲ.

ಮೂರನೇ ಗುಹೆಯನ್ನು ಮಂಗಲೇಶ ಮಾಡಿಸಿದ್ದು 578ರಲ್ಲಿ. ನಾಲ್ಕರಲ್ಲಿ ದೊಡ್ಡದೂ ಚಂದದ್ದೂ ಅದೇ. ಹಾಗಾಗಿ "ಅದೊಂದು ನೋಡಿಬಿಡ್ತೀನಿ" ಅಂತ ಹಟ ಬರುವುದು ಸಹಜ. ಹತ್ತಿದ್ದು ಇಳಿಯಲೇಬೇಕು ಅನ್ನುವುದು ನೆನಪಿರಲಿ. ಹತ್ತುವಾಗ ಸುಸ್ತಾಗುವುದು ಹೃದಯ, ಇಳಿಯುವಾಗ ಪೆಟ್ಟು ತಿನ್ನುವುದು ಮಂಡಿ. ನಮ್ಮ ಪ್ರವಾಸಗಳಲ್ಲಿ ಜನ ಜಾರಿದ್ದೆಲ್ಲ ಇಳಿಯುವಾಗಲೇ. ಇಳಿಯುವಾಗ ಒಂದೊಂದೇ ಮೆಟ್ಟಿಲು, ನೋವಿರುವ ಕಾಲು ಮೊದಲು ಕೆಳಗೆ, ಪಕ್ಕದಲ್ಲಿ ಸಹಾಯಕ ಒಂದು ಮೆಟ್ಟಿಲು ಮುಂದೆ.

ಹತ್ತಲು ಆಗದವರು ಅಷ್ಟು ಹೊತ್ತು ಬಸ್ಸಿನಲ್ಲೇ ಕೂರಬೇಕಾ?

ಇಲ್ಲ. ಅವರು ಕೆರೆಯ ಆಚೆ ದಡಕ್ಕೆ ಹೋಗುತ್ತಾರೆ. ವಾಹನದಲ್ಲಿ ಮ್ಯೂಸಿಯಂ ಹತ್ತಿರದವರೆಗೆ ಹೋಗಿ, ಅಲ್ಲಿಂದ ಅಗಸ್ತ್ಯ ತೀರ್ಥದ ದಡದಲ್ಲಿ ಸಮನೆಲದ ಮೇಲೆ ಸ್ವಲ್ಪ ದೂರ ನಿಧಾನವಾಗಿ ನಡೆದರೆ ಭೂತನಾಥ ದೇವಸ್ಥಾನ. ನೀರಿನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿ ಕೂರಿಸುತ್ತೇವೆ. ಎದುರಿಗೆ ಗುಹೆಗಳಿರುವ ಕೆಂಪು ಬಂಡೆಯ ಬೆಟ್ಟ. ಸತ್ಯ ಹೇಳಬೇಕೆಂದರೆ ಬಾದಾಮಿಯ ಚೆಲುವು ಗುಹೆಯೊಳಗಿಗಿಂತ ಇಲ್ಲಿಂದಲೇ ಜಾಸ್ತಿ ಕಾಣುತ್ತದೆ. ಹತ್ತಿದವರಿಗೆ ಇದನ್ನು ಹೇಳಬೇಡಿ.

ನಮ್ಮಮ್ಮನಿಗೆ 74. ಮಂಡಿ ಆಪರೇಷನ್ ಆಗಿ ಎಂಟು ತಿಂಗಳಾಗಿದೆ. ಕರೆದುಕೊಂಡು ಬರಬಹುದಾ?

ಮೂಳೆ ಡಾಕ್ಟರು "ಮೆಟ್ಟಿಲು ಹತ್ತಬಹುದು" ಅಂದಿದ್ದರೆ ಖಂಡಿತ. ಆದರೆ ಎರಡು ವಿಷಯ. ಆಪರೇಷನ್ ಆದ ಮಂಡಿ ಪೂರ್ತಿ ಮಡಚುವುದಿಲ್ಲ, ಹಾಗಾಗಿ ನೆಲದಲ್ಲಿ ಕೂರುವುದು, ಕೂತು ಏಳುವುದು ಆಗುವುದಿಲ್ಲ. ದೇವಸ್ಥಾನದ ಊಟಕ್ಕೆ ಪಂಕ್ತಿಯಲ್ಲಿ ಕೂರಿಸುವುದನ್ನು ನಾವು ಇಟ್ಟುಕೊಂಡಿಲ್ಲ, ಎಲ್ಲ ಊಟವೂ ಮೇಜಿನ ಮೇಲೆ. ಎಲ್ಲ ರೂಮಿನಲ್ಲೂ ವೆಸ್ಟರ್ನ್ ಕಮೋಡ್ ಇದೆ. ಸ್ನಾನದ ಮನೆಯಲ್ಲಿ ಹಿಡಿ ಇಲ್ಲದ ಹೋಟೆಲನ್ನು ಈಗ ತೆಗೆದುಕೊಳ್ಳುವುದೇ ಇಲ್ಲ.

ಇನ್ನೊಂದು ಬಸ್ಸಿನ ವಿಷಯ. ಇಂಥ ಬಸ್ಸುಗಳ ಮೊದಲ ಮೆಟ್ಟಿಲು ನೆಲದಿಂದ ಒಂದಡಿಗಿಂತ ಎತ್ತರ. ದಿನಕ್ಕೆ ಹತ್ತು ಹನ್ನೆರಡು ಸಲ ಹತ್ತಿ ಇಳಿಯಬೇಕು. ಅದಕ್ಕೆ ಆರಿಂಚಿನ ಅಗಲವಾದ ಒಂದು ಮರದ ಮಣೆ ಇಟ್ಟುಕೊಂಡಿದ್ದೇವೆ. ಬಸ್ಸು ನಿಂತ ಕೂಡಲೇ ಸಹಾಯಕ ಮೊದಲು ಇಳಿದು ಮಣೆ ಹಾಕುತ್ತಾನೆ, ಆಮೇಲೆ ಬಾಗಿಲು ಬಿಡುತ್ತಾನೆ. ಮಣೆ ಹಾಕದೆ ಯಾರೂ ಇಳಿಯಬೇಡಿ. ಅವಸರದವರು ಎಲ್ಲ ಗುಂಪಿನಲ್ಲೂ ಒಬ್ಬರಿರುತ್ತಾರೆ.

ವಿಶ್ರಾಂತಿಗೆ ಎಷ್ಟು ಹೊತ್ತು ಕೊಡುತ್ತೀರಿ?

ಹದಿನೈದು ಇಪ್ಪತ್ತು ನಿಮಿಷ ನಡೆದರೆ ಒಂದು ಕಡೆ ಕೂರುತ್ತೇವೆ. ಆ ಜಾಗಗಳನ್ನು ಮೊದಲೇ ಗುರುತು ಮಾಡಿದ್ದೇವೆ. ಅಲ್ಲಿ ನೆರಳಿರಬೇಕು, ಕೂರುವ ಎತ್ತರ ಮಂಡಿಯ ಮಟ್ಟಕ್ಕಿರಬೇಕು. ತೀರಾ ತಗ್ಗಿನ ಕಟ್ಟೆಯಲ್ಲಿ ಕೂತರೆ ಏಳಲು ಇಬ್ಬರು ಬೇಕಾಗುತ್ತದೆ. ಅಂಥ ಜಾಗ ಸಿಗದ ಕಡೆ ಮಡಚುವ ಕುರ್ಚಿ ಆರು ಇವೆ.

ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಕಾರ್ಯಕ್ರಮ ಇಲ್ಲ. ಇದಕ್ಕೆ ವಿನಾಯಿತಿಯೂ ಇಲ್ಲ. ಬಸ್ಸು ಓಡುವಾಗ ಒಂದೂವರೆ ಗಂಟೆಗೊಮ್ಮೆ ನಿಲ್ಲುತ್ತದೆ. ನಿದ್ದೆ ಬಂದಿದ್ದರೂ ಎಬ್ಬಿಸಿ ಒಂದು ಸುತ್ತು ನಡೆಸುತ್ತೇವೆ. ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ರಕ್ತ ಕೆಳಗೇ ನಿಲ್ಲುತ್ತದೆ, ಕಾಲಿನ ನರದಲ್ಲಿ ಹೆಪ್ಪುಗಟ್ಟುವ ಭಯ ಇರುತ್ತದೆ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಉಜ್ಜಬೇಡಿ, ಉಜ್ಜಿಸಿಕೊಳ್ಳಲೂ ಬೇಡಿ. ನರ್ಸಿಗೆ ಹೇಳಿ.

ಶೌಚಾಲಯ? ಕೇಳಲು ಸಂಕೋಚ, ಆದರೂ...

ಸಂಕೋಚ ಬೇಡ. ತುಂಬಾ ಜನರ ತೊಂದರೆ ಶುರುವಾಗುವುದೇ ಇಲ್ಲಿಂದ. ಹೊರಗೆ ಹೋಗುತ್ತೇವೆ, ಎಲ್ಲಿ ಸಿಗುತ್ತೋ ಏನೋ ಅಂತ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಹೆಂಗಸರಂತೂ ಜಾಸ್ತಿ. ಹತ್ತು ಗಂಟೆಯ ಹೊತ್ತಿಗೆ ತಲೆ ಸುತ್ತು, ಎದ್ದು ನಿಂತರೆ ಕಣ್ಣು ಕತ್ತಲೆ. ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಬೇಗ ಆಗುತ್ತದೆ.

ಪ್ರತಿ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಆ ದಿನದ ಶೌಚಾಲಯಗಳ ಸಮಯವನ್ನೇ ಹೇಳಿಬಿಡುತ್ತೇವೆ. ಎಂಟಕ್ಕೆ ಇಲ್ಲಿ, ಒಂಬತ್ತೂಮುಕ್ಕಾಲಿಗೆ ಅಲ್ಲಿ ಅಂತ. ಎರಡು ಗಂಟೆಗಿಂತ ಹೆಚ್ಚು ಅಂತರ ಎಲ್ಲೂ ಇಲ್ಲ. ಗೊತ್ತಿದ್ದರೆ ಜನ ಧೈರ್ಯವಾಗಿ ನೀರು ಕುಡಿಯುತ್ತಾರೆ. ನೀರಿನ ಮಾತ್ರೆಯನ್ನು ನೀವೇ ಬಿಡಬೇಡಿ. ಸುತ್ತಾಟದ ದಿನ ಬೇರೆ ಹೊತ್ತಿಗೆ ತೆಗೆದುಕೊಳ್ಳಬಹುದಾ ಅಂತ ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿಕೊಂಡು ಬನ್ನಿ. ಹೃದಯ ಅಥವಾ ಕಿಡ್ನಿ ತೊಂದರೆಗೆ "ದಿನಕ್ಕೆ ಇಷ್ಟೇ ನೀರು" ಅಂತ ಹೇಳಿಸಿಕೊಂಡವರು ಆ ಅಳತೆಯನ್ನು ಫಾರಂನಲ್ಲಿ ಬರೆಯಿರಿ.

ಬರಿಗಾಲಲ್ಲಿ ನಡೆಯಬೇಕಾ?

ಪೂಜೆ ನಡೆಯುವ ಕಡೆ ಹೌದು. ವಿರೂಪಾಕ್ಷ, ಬನಶಂಕರಿ, ಪಟ್ಟದಕಲ್ಲಿನ ವಿರೂಪಾಕ್ಷ. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದ ಮರಗಟ್ಟಿದವರು ಹುಷಾರಾಗಿರಬೇಕು. ಕಲ್ಲು ಸುಡುತ್ತಿರುವುದು ಅವರಿಗೆ ಗೊತ್ತೇ ಆಗುವುದಿಲ್ಲ. ರೂಮಿಗೆ ಬಂದು ನೋಡಿದರೆ ಬೊಬ್ಬೆ ಎದ್ದಿರುತ್ತದೆ. ಹಾಗಾಗಿ ಈ ದೇವಸ್ಥಾನಗಳನ್ನು ಬೆಳಿಗ್ಗೆ ಅಥವಾ ಬಿಸಿಲಿಳಿದ ಮೇಲೆ ಇಟ್ಟಿದ್ದೇವೆ. ಸಾಕ್ಸ್ ಹಾಕಿಕೊಳ್ಳುವುದಾದರೆ ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವುದನ್ನು ತನ್ನಿ. ಸಾದಾ ಸಾಕ್ಸ್ ನುಣುಪು ಕಲ್ಲಿನ ಮೇಲೆ ಜಾರುತ್ತದೆ. ರಾತ್ರಿ ಪಾದದ ಅಡಿಯನ್ನು ಒಂದು ಸಲ ನೋಡಿಕೊಳ್ಳಿ, ಇಲ್ಲವೇ ಯಾರಾದರೂ ನೋಡಲಿ.

ಸಕ್ಕರೆ ಕಾಯಿಲೆ ಇದೆ. ಊಟದ ಹೊತ್ತು ತಪ್ಪುತ್ತದಾ?

ನಾವು ತಪ್ಪಿಸುವುದಿಲ್ಲ. ತಿಂಡಿ ಏಳೂವರೆ, ಊಟ ಒಂದು, ರಾತ್ರಿ ಎಂಟು. ಬೇಗ ಹೊರಡುವ ದಿನ ತಿಂಡಿಯೂ ಬೇಗ. ತಪ್ಪಿಸುವುದು ಪ್ರವಾಸಿಗರೇ. ಒಂದು ಘಟನೆ ಹೇಳುತ್ತೇವೆ, ಇದರಿಂದ ನಮ್ಮ ಫಾರಂನಲ್ಲಿ ಒಂದು ಹೊಸ ಪ್ರಶ್ನೆ ಸೇರಿತು.

ವಿಠ್ಠಲ ದೇವಸ್ಥಾನದ ಅಂಗಳ, ಡಿಸೆಂಬರಿನ ಬೆಳಿಗ್ಗೆ, ಇನ್ನೂ ತಂಪಿತ್ತು. ಅರವತ್ತೊಂಬತ್ತರ ಒಬ್ಬರು ರಥದ ಪಕ್ಕ ಕೂತಿದ್ದರು. ಗೈಡ್ ಏನೋ ತಮಾಷೆ ಮಾಡಿದಾಗ ಎಲ್ಲರೂ ನಕ್ಕರು, ಅವರು ನಗಲಿಲ್ಲ. ನರ್ಸ್ ಹತ್ತಿರ ಹೋಗಿ "ಏನಮ್ಮಾ, ಸುಸ್ತಾಯ್ತಾ?" ಅಂದರೆ "ಬಸ್ಸು ಬಂತಾ?" ಅಂದರು. ಆ ಚಳಿಯಲ್ಲಿ ಹಣೆಯ ಮೇಲೆ ಬೆವರು, ಸೆರಗು ಹಿಡಿದ ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 54. ಅವರ ಯಜಮಾನರು ಆಗ ಹೇಳಿದರು, "ಇವತ್ತು ಏಕಾದಶಿ ಅಲ್ವಾ, ಅವಳು ಬರೀ ಕಾಫಿ ಕುಡಿದಿದ್ದಾಳೆ." ಊಟ ಬಿಟ್ಟಿದ್ದರು, ಮಾತ್ರೆ ಬಿಟ್ಟಿರಲಿಲ್ಲ. ಅದು ತಿಂಡಿಗೆ ಮೊದಲು ತೆಗೆದುಕೊಳ್ಳುವ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್.

ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿದೆವು. ಅವರಿಗೆ ಎಚ್ಚರ ಇತ್ತು, ನುಂಗಬಲ್ಲವರಾಗಿದ್ದರು, ಹಾಗಾಗಿ ಕುಡಿಸಿದ್ದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಹೋಗಬಹುದು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 78. ಮಾತು ಸರಿಯಾಯಿತು. "ಉಪವಾಸ ಕೆಟ್ಟಿತಲ್ಲ" ಅಂತ ಬೇಜಾರು ಮಾಡಿಕೊಂಡರು. ಆಮೇಲೆ ಅವಲಕ್ಕಿ ತಿನ್ನಿಸಿದೆವು, ಬರೀ ಸಕ್ಕರೆ ನೀರಿನ ಬಲ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಷ್ಟಕ್ಕೇ ಬಿಡಲೂ ಇಲ್ಲ. ಆ ಮಾತ್ರೆಯ ಕೆಲಸ ಇಡೀ ದಿನ ನಡೆಯುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು. ಹೊಸಪೇಟೆಯಲ್ಲಿ ಡಾಕ್ಟರಿಗೆ ತೋರಿಸಿ ಸಂಜೆಯವರೆಗೆ ಅಲ್ಲೇ ಇರಿಸಿಕೊಂಡೆವು.

ಹಾಗಾಗಿ ಫಾರಂನಲ್ಲಿ "ಈ ಐದು ದಿನದಲ್ಲಿ ಉಪವಾಸ, ಒಪ್ಪೊತ್ತು ಇದೆಯೇ?" ಅಂತ ಕೇಳಿದ್ದೇವೆ. ಏಕಾದಶಿ, ಸಂಕಷ್ಟಿ, ಸೋಮವಾರ, ಗುರುವಾರ, ಯಾವುದಿದ್ದರೂ ಬರೆಯಿರಿ. ಆ ದಿನ ಮಾತ್ರೆ ಅಥವಾ ಇನ್ಸುಲಿನ್ ಎಷ್ಟು ಅಂತ ನಿಮ್ಮ ಡಾಕ್ಟರಿಂದ ಬರೆಸಿಕೊಂಡು ಬನ್ನಿ. ಇನ್ಸುಲಿನ್‌ಗೆ ಬಸ್ಸಿನಲ್ಲಿ ತಣ್ಣನೆ ಪೆಟ್ಟಿಗೆ ಇದೆ. ಐಸಿಗೆ ತಾಗುವ ಹಾಗೆ ಮಾತ್ರ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ನರ್ಸ್ ಜೊತೆಯಲ್ಲಿರುತ್ತಾರೆ ಅಂದರೆ ಡಾಕ್ಟರ್ ಇರುವುದಿಲ್ಲವಾ?

ಇರುವುದಿಲ್ಲ. ನರ್ಸ್ ಹತ್ತಿರ ಬಿಪಿ ಯಂತ್ರ, ಸಕ್ಕರೆ ನೋಡುವ ಯಂತ್ರ, ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಕ್ಲಿಪ್, ಓಆರ್‌ಎಸ್, ಬ್ಯಾಂಡೇಜು ಇರುತ್ತವೆ. ಆಮ್ಲಜನಕದ ಸಿಲಿಂಡರ್ ಇಲ್ಲ. ಫೋನಿನಲ್ಲಿ ಡಾಕ್ಟರ್ ಹೇಳದೆ ಅವರು ಯಾವ ಮಾತ್ರೆಯನ್ನೂ ಕೊಡುವುದಿಲ್ಲ, ಇಂಜೆಕ್ಷನ್ ಅಂತೂ ಇಲ್ಲವೇ ಇಲ್ಲ. ಅವರ ಮುಖ್ಯ ಕೆಲಸ ಬೇಗ ಕಂಡುಹಿಡಿಯುವುದು ಮತ್ತು ತಡಮಾಡದೆ ಸಾಗಿಸುವುದು.

ಎದೆನೋವು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ?

ಮೊದಲು ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಗೆ. ದೂರದ ದೊಡ್ಡ ಆಸ್ಪತ್ರೆಗೆ ನೇರವಾಗಿ ಅಲ್ಲ. ಮಕ್ಕಳು ಫೋನಿನಲ್ಲಿ "ಸೀದಾ ದೊಡ್ಡ ಆಸ್ಪತ್ರೆಗೇ ಹೋಗಿ" ಅನ್ನುತ್ತಾರೆ. ಆದರೆ ಹೃದಯದ ರಕ್ತನಾಳ ಕಟ್ಟಿಕೊಂಡಾಗ ಒಂದೊಂದು ನಿಮಿಷಕ್ಕೂ ಸ್ನಾಯು ಸಾಯುತ್ತಿರುತ್ತದೆ. ಇಸಿಜಿಯಲ್ಲಿ ಗೊತ್ತಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಅಲ್ಲೇ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಅನ್ನುವ ಆ ದುಬಾರಿ ಇಂಜೆಕ್ಷನ್ ಉಚಿತ. ಪ್ರತಿ ಪ್ರವಾಸಕ್ಕೆ ಮೊದಲು ದಾರಿಯ ಆಸ್ಪತ್ರೆಗಳಿಗೆ ಫೋನ್ ಮಾಡಿ ಇಸಿಜಿ ಮತ್ತು ಇಂಜೆಕ್ಷನ್ ಇದೆಯಾ, ರಾತ್ರಿ ಯಾರಿರುತ್ತಾರೆ ಅಂತ ಕೇಳಿ ಬರೆದುಕೊಳ್ಳುತ್ತೇವೆ.

ಲೆಕ್ಕ ಹೀಗೆ. ಹಂಪಿಯಿಂದ ಹೊಸಪೇಟೆಗೆ ಸುಮಾರು 13 ಕಿಲೋಮೀಟರ್, ಅರ್ಧ ಗಂಟೆ. ವಿಠ್ಠಲ ದೇವಸ್ಥಾನದಿಂದಾದರೆ ಬ್ಯಾಟರಿ ಗಾಡಿಯ ಹತ್ತು ನಿಮಿಷ ಸೇರಿಸಿ. ಅಲ್ಲಿಂದ ಮುಂದೆ ಬೇಕಾದರೆ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಸುಮಾರು 60 ಕಿಲೋಮೀಟರ್. ಬಸ್ಸಿನ ದಿನ ನಡುವೆ ಕುಷ್ಟಗಿಯ ತಾಲೂಕು ಆಸ್ಪತ್ರೆ. ಬಾದಾಮಿಯಲ್ಲೂ ತಾಲೂಕು ಆಸ್ಪತ್ರೆ ಇದೆ, ಊರೊಳಗೇ. ಐಹೊಳೆಯದು ಸ್ವಲ್ಪ ಯೋಚನೆಯ ಜಾಗ. ಅಲ್ಲಿಂದ ಬಾದಾಮಿಯೂ ಬಾಗಲಕೋಟೆಯೂ ಹೆಚ್ಚು ಕಮ್ಮಿ ಒಂದೇ ದೂರ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಸಮಯ ಒಂದೇ ಆದ್ದರಿಂದ ವೈದ್ಯಕೀಯ ಕಾಲೇಜು ಇರುವ ಬಾಗಲಕೋಟೆಗೇ ಹೋಗುತ್ತೇವೆ. ಇಡೀ ಪ್ರವಾಸದಲ್ಲಿ ಆಸ್ಪತ್ರೆಯಿಂದ ತುಂಬಾ ದೂರ ಇರುವುದು ಇಲ್ಲೇ. ಹಾಗಾಗಿ ಐಹೊಳೆಯಲ್ಲಿ ದುರ್ಗ ದೇವಸ್ಥಾನದ ಆವರಣ ಬಿಟ್ಟು ಬೇರೆ ಎಲ್ಲಿಗೂ ನಡೆಸುವುದಿಲ್ಲ.

108ಕ್ಕೆ ಫೋನ್ ಮಾಡುತ್ತೇವೆ, ಆದರೆ ಅದನ್ನೇ ಕಾಯುತ್ತಾ ಕೂರುವುದಿಲ್ಲ. ಬಸ್ಸಿನ ಹಿಂದೆ ಒಂದು ಕಾರು ಯಾವಾಗಲೂ ಇರುತ್ತದೆ. "ಎರಡು ಗಾಡಿಗೆ ಯಾಕೆ ದುಡ್ಡು?" ಅಂತ ಕೇಳುವವರಿಗೆ ಉತ್ತರ ಇದೇ.

ಒಂದು ಮಾತು ನಿಮ್ಮ ಕಡೆಯಿಂದ ಬೇಕು. ಎದೆ ಭಾರ, ದವಡೆ ಅಥವಾ ಎಡಗೈ ಸೆಳೆತ, ಸುಮ್ನೆ ಬೆವರು, ಇದ್ದಕ್ಕಿದ್ದ ಹಾಗೆ ವಾಕರಿಕೆ ಬಂದರೆ "ಗ್ಯಾಸ್ ಇರಬೇಕು" ಅಂತ ಜೀರಿಗೆ ನೀರು ಕುಡಿದು ಮಲಗಬೇಡಿ. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ಕಷ್ಟವಾಗಿಯೂ ಹೃದಯಾಘಾತ ಬರುತ್ತದೆ. ರಾತ್ರಿ ಎರಡು ಗಂಟೆಯಾದರೂ ನರ್ಸ್ ಬಾಗಿಲು ತಟ್ಟಿ.

ಯಾರನ್ನು ಬೇಡ ಅನ್ನುತ್ತೀರಿ?

ಕಳೆದ ಮೂರು ತಿಂಗಳಲ್ಲಿ ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು ಅಥವಾ ದೊಡ್ಡ ಆಪರೇಷನ್ ಆದವರು. ಡಯಾಲಿಸಿಸ್‌ನಲ್ಲಿರುವವರು. ಮನೆಯಲ್ಲೇ ಆಮ್ಲಜನಕ ಬೇಕಾಗುವವರು. ಮರೆವು ಜಾಸ್ತಿ ಇರುವವರು ಜೊತೆಗೊಬ್ಬರು ಮನೆಯವರಿದ್ದರೆ ಬರಬಹುದು, ಒಬ್ಬರೇ ಬೇಡ. ಹಂಪಿಯಂಥ ಬಯಲಲ್ಲಿ ಒಬ್ಬರು ಬೇರೆ ದಿಕ್ಕಿಗೆ ನಡೆದುಬಿಟ್ಟರೆ ಹುಡುಕುವುದು ಸುಲಭವಲ್ಲ.

ಅಂಜನಾದ್ರಿ ಯಾಕಿಲ್ಲ? ಹಂಪಿಗೆ ಹೋಗಿ ಹನುಮಂತನನ್ನು ನೋಡದೆ ಬರುವುದಾ?

575 ಮೆಟ್ಟಿಲು. ಬಾದಾಮಿಯ ಎಲ್ಲ ಗುಹೆಗಳ ಮೂರು ಪಟ್ಟಿಗಿಂತ ಜಾಸ್ತಿ. ಅರ್ಧದಲ್ಲಿ ತೊಂದರೆಯಾದರೆ ಹೊತ್ತುಕೊಂಡೇ ಇಳಿಯಬೇಕು. ಕೆಳಗಿನಿಂದ ಕೈ ಮುಗಿಯಬಹುದು. ಮಾತಂಗ ಬೆಟ್ಟ, ಐಹೊಳೆಯ ಮೇಗುತಿ ಗುಡ್ಡ, ಮಹಾನವಮಿ ದಿಬ್ಬದ ಮೇಲೆ ಹತ್ತುವುದು, ತೆಪ್ಪದ ಸವಾರಿ, ಇವೂ ಇಲ್ಲ. ಹೇಮಕೂಟವನ್ನು ಮೊದಲು ಇಟ್ಟುಕೊಂಡಿದ್ದೆವು, ಈಗ ತೆಗೆದಿದ್ದೇವೆ. ದೂರದಿಂದ ನೋಡಿದರೆ ಸಲೀಸು ಇಳಿಜಾರು, ಆದರೆ ಬೋಳು ಬಂಡೆ. ಒಂದು ಹನಿ ಮಳೆ ಬಿದ್ದರೆ ಜಾರುಬಂಡೆ. ಅದರ ಅಂಚಿನ ಸಾಸಿವೆಕಾಳು, ಕಡಲೆಕಾಳು ಗಣಪತಿಗಳನ್ನು ರಸ್ತೆಯ ಕಡೆಯಿಂದಲೇ ತೋರಿಸುತ್ತೇವೆ.

ಯಾವ ತಿಂಗಳು?

ನವೆಂಬರ್ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ, ಅಷ್ಟೇ. ಏಪ್ರಿಲ್‌ನಲ್ಲಿ ಮೊಮ್ಮಕ್ಕಳಿಗೆ ರಜೆ ಅಂತ ಕೇಳುತ್ತಾರೆ. ಆಗ ಆ ಕಡೆ ಬಿಸಿಲು 40 ಡಿಗ್ರಿ, ಸಂಜೆ ಆರಕ್ಕೂ ಬಂಡೆ ಒಲೆಯ ಹಾಗಿರುತ್ತದೆ.

ವೀಲ್‌ಚೇರ್ ಸಿಗುತ್ತದಾ?

ನಮ್ಮದೇ ಎರಡು ಇವೆ. ಪಟ್ಟದಕಲ್ಲಿನ ಹುಲ್ಲುಹಾಸಿನ ದಾರಿಯಲ್ಲಿ, ಕಮಲ ಮಹಲ್ ಆವರಣದಲ್ಲಿ ಚೆನ್ನಾಗಿ ಓಡುತ್ತವೆ. ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಚಪ್ಪಡಿಗಳ ಸಂದಿಗೆ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಹಿಂದಕ್ಕೆ ತಿರುಗಿಸಿ ಎಳೆದುಕೊಂಡು ಹೋಗಬೇಕು. ಬಾದಾಮಿ ಗುಹೆಗೆ ಏನು ಮಾಡಿದರೂ ಆಗದು. ಇಡೀ ದಿನ ವೀಲ್‌ಚೇರೇ ಬೇಕಾದವರಿಗೆ ಈ ಪ್ರವಾಸ ಸೂಕ್ತ ಅಂತ ಹೇಳಲಾರೆವು.

ಮಾತ್ರೆಗಳನ್ನು ಹೇಗೆ ತರಬೇಕು?

ಎರಡು ಕಡೆ ಹಂಚಿ. ಅರ್ಧ ನಿಮ್ಮ ಹತ್ತಿರ, ಅರ್ಧ ದೊಡ್ಡ ಬ್ಯಾಗಿನಲ್ಲಿ. ಎರಡು ದಿನಕ್ಕೆ ಹೆಚ್ಚುವರಿ ಇರಲಿ, ಜೊತೆಗೆ ಡಾಕ್ಟರ್ ಚೀಟಿಯ ಪ್ರತಿ. ಕಳೆದರೆ ಅಂಗಡಿಯಲ್ಲಿ "ಬಿಳಿ ಗುಂಡು ಮಾತ್ರೆ" ಅಂದರೆ ಯಾರೂ ಕೊಡುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ಬಾದಾಮಿಯ ಕೋತಿಗಳು. ಪ್ಲಾಸ್ಟಿಕ್ ಕವರ್ ಕಂಡರೆ ತಿಂಡಿ ಅಂತಲೇ ಅವುಗಳ ಲೆಕ್ಕ. ಒಬ್ಬ ನಿವೃತ್ತ ಮೇಷ್ಟ್ರು ಐದು ದಿನದ ಮಾತ್ರೆಯನ್ನೆಲ್ಲ ಮೆಡಿಕಲ್ ಅಂಗಡಿಯ ಕವರಿನಲ್ಲೇ ಹಿಡಿದುಕೊಂಡು ಹತ್ತುತ್ತಿದ್ದರು. ಎರಡನೇ ಗುಹೆಯ ತಿರುವಿನಲ್ಲಿ ಕೋತಿ ಕಿತ್ತುಕೊಂಡಿತು. ಬಂಡೆಯ ಮೇಲೆ ಕೂತು ಒಂದೊಂದೇ ಹಾಳೆ ತೆಗೆದು ಕಚ್ಚಿ ಬಿಸಾಕಿತು. ಮೇಷ್ಟ್ರು ಅದರ ಹಿಂದೆ ಹೋಗಲು ನೋಡಿದ್ದೇ ಅಪಾಯ, ನಾವು ಹಿಡಿದು ನಿಲ್ಲಿಸಿದೆವು. ಗುಹೆಗೆ ಬರುವಾಗ ಕೈಯಲ್ಲಿ ಏನೂ ಬೇಡ. ಬೇಕಾದ ಒಂದೆರಡು ಮಾತ್ರೆ ಜೇಬಿನಲ್ಲಿರಲಿ, ಊರುಗೋಲು ಮಾತ್ರ ಬಿಡಬೇಡಿ. ಕೋತಿ ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸುತ್ತೇವೆ.

ವಾಪಸ್ ಬರುವಾಗ ಬಾದಾಮಿಯಿಂದಲೇ ರೈಲು ಇದೆಯಲ್ಲ, ಹುಬ್ಬಳ್ಳಿಗೆ ಯಾಕೆ?

ಬಾದಾಮಿಯಲ್ಲಿ ರೈಲು ನಿಲ್ಲುವುದು ತುಂಬಾ ಕಡಿಮೆ ಹೊತ್ತು. ಹದಿನೆಂಟು ಜನ ಹಿರಿಯರು, ಅವರ ಬ್ಯಾಗು, ಎತ್ತರದ ಬೋಗಿ ಮೆಟ್ಟಿಲು, ಕತ್ತಲೆ. ಒಂದು ಸಲ ಪ್ರಯತ್ನಪಟ್ಟು ಕೊನೆಯವರನ್ನು ಹತ್ತಿಸುವಾಗ ರೈಲು ಅಲುಗಿದ್ದು ಇನ್ನೂ ನೆನಪಿದೆ. ಹುಬ್ಬಳ್ಳಿಯಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುತ್ತದೆ, ಕೆಲವು ಅಲ್ಲಿಂದಲೇ ಹೊರಡುತ್ತವೆ.

ಆದರೆ ಹುಬ್ಬಳ್ಳಿಗೆ ತನ್ನದೇ ಒಂದು ಕಷ್ಟ ಇದೆ. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಅಲ್ಲಿರುವುದು, 1,507 ಮೀಟರ್. ಹೆಮ್ಮೆಯ ವಿಷಯವೇ, ಆದರೆ ನಮ್ಮ ಬೋಗಿ ಆ ತುದಿಯಲ್ಲಿ ನಿಂತರೆ ಐದು ದಿನ ಉಳಿಸಿದ ಕಾಲೆಲ್ಲ ಅಲ್ಲೇ ಖರ್ಚು. ಅದಕ್ಕೆ ನಮ್ಮ ಹುಡುಗ ಒಂದು ಗಂಟೆ ಮೊದಲೇ ಹೋಗಿ, ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿ, ವೀಲ್‌ಚೇರು ಮತ್ತು ಪೋರ್ಟರ್ ಗೊತ್ತುಮಾಡಿ ಫೋನ್ ಮಾಡುತ್ತಾನೆ. ಆಮೇಲೆ ಬಸ್ಸು ಆ ಕಡೆಯ ಬಾಗಿಲಿಗೆ ಹೋಗುತ್ತದೆ. ಎಲ್ಲರಿಗೂ ಕೆಳಗಿನ ಬರ್ತ್ ಕೇಳಿ ಬುಕ್ ಮಾಡುತ್ತೇವೆ. ಸಿಗದಿದ್ದರೆ ಮೇಲಿನ ಬರ್ತ್‌ನಲ್ಲಿ ನಮ್ಮವರು ಮಲಗುತ್ತಾರೆ.